ಪದಚರ್ಚೆ: ಪ್ರತಿ ಆಯ್ಕೆಗೂ ಬರೆಯುವ ‘ಫೀಡ್‌ಬ್ಯಾಕ್’ಗೆ ಏನೆನ್ನೋಣ?

ಗೀತಾ, ಧಾರವಾಡ:
ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಪಾಠ, ಪರೀಕ್ಷೆಗಳ ತಂತ್ರಾಂಶವಾದ ಮೂಡಲ್‌ನ ಕೈಪಿಡಿಯನ್ನು ಶಿಕ್ಷಕರಿಗಾಗಿ ಕನ್ನಡಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಪರದೆಯಲ್ಲಿ ಪ್ರತಿ ಆಯ್ಕೆಯ ಕೆಳಗೆ `Feedback`, ಪ್ರಶ್ನೆಗೆ `General feedback`, ಇಡೀ ಕ್ವಿಜ್‌ಗೆ `Overall feedback` ಎಂದಿದೆ. ಮೂರಕ್ಕೂ ‘ಪ್ರತಿಕ್ರಿಯೆ’ ಎಂದು ಹಾಕಿದ್ದೆ. ಕರಡು ನೋಡಿದ ಶಿಕ್ಷಕರು ಆಯ್ಕೆಗಳ ಕೆಳಗೆಲ್ಲ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದಷ್ಟೇ ತುಂಬಿದರು.

ವಿ. ಕೆ., ಮೈಸೂರು:
‘ಅನಿಸಿಕೆ’ ಎನ್ನಿ. ನಮ್ಮ ಬ್ಯಾಂಕಿನ ಗ್ರಾಹಕರ ಫಾರಂನಲ್ಲಿ ಅದೇ ಇದೆ.

ಎಸ್. ಎನ್., ಶಿರಸಿ:
ಅದು ಗ್ರಾಹಕ ಹೇಳುವ ಮಾತು. ಇಲ್ಲಿ ಹೇಳುವವರು ಮೇಷ್ಟ್ರು. ಬಿ.ಎಡ್. ಪುಸ್ತಕದ ‘ಹಿಮ್ಮಾಹಿತಿ’ಯೂ ಬೇಡ, ಶುದ್ಧ ಅರಿಸಮಾಸ. ‘ಮರುನುಡಿ’ ಸಾಕು.

ರಾ., ಹಾಸನ:
ಅರಿಸಮಾಸ ಹೇಗಾದೀತು? ವ್ಯಾಕರಣಕಾರ ಕೇಶಿರಾಜ ಹೇಳಿದ್ದು ಕನ್ನಡ ಪದ ಸಂಸ್ಕೃತದೊಡನೆ ಕೂಡುವುದನ್ನು. ‘ಮಾಹಿತಿ’ ಮರಾಠಿಯಿಂದ ಬಂದದ್ದು.

ಗೀತಾ ಅವರೇ, ಆ ಜಾಗದಲ್ಲಿ ಏನು ಬರೆಯುತ್ತೇವೆ ಎಂಬುದರಿಂದ ಪದ ಹುಡುಕಿ. ನಾನು ಮಕ್ಕಳಿಗೆ ಕೊಡುವ ಒಂದು ಪ್ರಶ್ನೆ, ಮೂಡಲ್‌ಗೆ ತುಂಬುವ GIFT ರೂಪದಲ್ಲಿ. `~` ತಪ್ಪು ಆಯ್ಕೆ, `=` ಸರಿ ಆಯ್ಕೆ, `#` ಆದಮೇಲಿನದು ಆ ಆಯ್ಕೆಯ ಫೀಡ್‌ಬ್ಯಾಕ್:

```
‘ಮಳೆಗಾಲ’ ಯಾವ ಸಂಧಿ? {
~ಲೋಪ#ಬಿಡಿಸಿ ಬರೆಯಿರಿ. ಯಾವ ಸ್ವರ ಬಿಟ್ಟುಹೋಗಿದೆ?
~ಆಗಮ#‘ಗ’ ಹೊಸದು, ನಿಜ. ‘ಕಾಲ’ದ ‘ಕ’ ಉಳಿದಿದೆಯೇ?
=ಆದೇಶ#ಹೌದು. ‘ಕ’ ಇದ್ದಲ್ಲಿ ‘ಗ’ ಬಂದಿದೆ.
}
```

ಆಗಮ ಎಂದ ಹುಡುಗಿ ‘ಗ’ವನ್ನು ಗಮನಿಸಿದ್ದಾಳೆ, ‘ಕ’ ಹೋದದ್ದನ್ನು ಗಮನಿಸಿಲ್ಲ. ಅವಳ ದಾರಿ ಎಲ್ಲಿ ತಪ್ಪಿತೋ ಅಲ್ಲಿಗೇ ಮಾತು ಮುಟ್ಟಬೇಕು. ಮತ್ತೆ ಉತ್ತರಿಸಲು ಅವಕಾಶವಿದ್ದರೆ ತಪ್ಪು ಆಯ್ಕೆಯಡಿ ಸರಿಯುತ್ತರ ಬಿಟ್ಟುಕೊಡಬಾರದು. ಸರಿ ಆಯ್ಕೆಗೂ ಕಾರಣ ಬರೆಯಲೇಬೇಕು, ಊಹಿಸಿ ಒತ್ತಿದವರೂ ಇರುತ್ತಾರೆ. ‘ಮೇಲಿನ ಆಯ್ಕೆ ನೋಡಿ’ ಎನ್ನಬೇಡಿ, ಆಯ್ಕೆಗಳ ಕ್ರಮ ಅದಲುಬದಲಾದಾಗ ಮೇಲಿನದು ಕೆಳಗಿರುತ್ತದೆ. ಒಮ್ಮೆ ಹಾಗೆ ಬರೆದು ತರಗತಿಯನ್ನೆಲ್ಲ ಗೊಂದಲಕ್ಕೆ ಹಾಕಿದ್ದೆ.

ಆದ್ದರಿಂದ ಮೊದಲನೆಯದು ‘ಈ ಆಯ್ಕೆಗೆ ವಿವರಣೆ’. ಎರಡನೆಯದು ಯಾವ ಉತ್ತರ ಕೊಟ್ಟವರಿಗೂ ಕಾಣುವಂಥದ್ದು, ‘ಪ್ರಶ್ನೆಯ ವಿವರಣೆ’. ಮೂರನೆಯದು ಬಂದ ಅಂಕದ ಮೇಲೆ ಬದಲಾಗುತ್ತದೆ, ‘ಅಂಕಕ್ಕೆ ತಕ್ಕ ಮಾತು’.

ಎಸ್. ಎನ್.:
‘ವಿವರಣೆ’ ಸಂಸ್ಕೃತ, ‘ಅಂಕ’ ಸಂಸ್ಕೃತ. ಕನ್ನಡ ಎಲ್ಲಿ?

ರಾ.:
ಮಕ್ಕಳ ಬಾಯಲ್ಲಿದೆ. ‘ಮರುನುಡಿ’ ಎಂದರೆ ಅವರು ಎದುರುತ್ತರ ಅಂದುಕೊಳ್ಳುತ್ತಾರೆ.

ಎಸ್. ಎನ್.:
ಬಳಸದೆ ಬಿಟ್ಟರೆ ಹಾಗೇ ಅಂದುಕೊಳ್ಳುತ್ತಾರೆ. ಕ್ವಿಜ್, ಮೂಡಲ್ ಎಲ್ಲ ಕಲಿಸಿದ್ದೀರಲ್ಲ, ಇದೊಂದು ಭಾರವೇ?

ಗೀತಾ:
ಮೊದಲ ಎರಡನ್ನು ತೆಗೆದುಕೊಂಡೆ, ರಾ. ಸರ್. ಮಳೆಗಾಲದ ಪ್ರಶ್ನೆಯನ್ನೂ ಕೈಪಿಡಿಗೆ ಸೇರಿಸಲೇ? ‘ಅಂಕಕ್ಕೆ ತಕ್ಕ ಮಾತು’ ಆ ಚೌಕದಲ್ಲಿ ಹಿಡಿಯುತ್ತಿಲ್ಲ. ಇನ್ನೂ ಚಿಕ್ಕದು ಯಾರಿಗಾದರೂ ಹೊಳೆದರೆ ಇವತ್ತು ರಾತ್ರಿಯೊಳಗೆ ತಿಳಿಸಿ.