ಅಪ್‌ಡೇಟ್: ಮಾವನ ಪರಿಚಯ ಬರಹ ಸರಿಯಾಯ್ತು

ನಾನು ಕೇಳಿದ್ದು: "ಸನ್ಮಾನದ ಕರಪತ್ರಕ್ಕೆ ತಮ್ಮ ಬರೆದ ಮಾವನ ಪರಿಚಯದಲ್ಲಿ ಹೊಗಳಿಕೆ ಜಾಸ್ತಿ, ಕಮ್ಮಿ ಮಾಡು ಅಂದ್ರೆ ಸಪ್ಪೆ ಮಾಡಿ ಕೊಟ್ಟ, ಹೇಗೆ ಹೇಳುವುದು?"

ನೀವೆಲ್ಲ ಹೇಳಿದ ಹಾಗೆ ಇಡೀ ಬರಹದ ಬಗ್ಗೆ ಹೇಳದೆ ಒಂದೊಂದು ಸಾಲು ಹಿಡಿದು ಹೇಳಿದೆ. "ಮದ್ದಳೆ ಲೋಕದ ಅನಭಿಷಿಕ್ತ ದೊರೆ" ಅಂತ ಇತ್ತಲ್ಲ, ಎರಡನೇ ಸಲ ಅದು ಬರೀ "ಮದ್ದಳೆಗಾರರು, ಬದಿಯಡ್ಕ" ಆಗಿತ್ತು, ಯಾಕಂದ್ರೆ ತೆಗಿ ಅಂತ ಮಾತ್ರ ಹೇಳಿದ್ದೆ, ಆ ಜಾಗಕ್ಕೆ ಏನು ಬರ್ಬೇಕು ಅಂತ ಹೇಳ್ಲೇ ಇಲ್ಲ. ಈ ಸಲ ವಾಟ್ಸಾಪಲ್ಲಿ ಹೀಗೆ ಕಳಿಸಿದೆ: "ದೊರೆ ತೆಗಿ, ಅಲ್ಲಿ 31 ವರ್ಷ ಮನೆ ಜಗಲಿಯಲ್ಲಿ ದುಡ್ಡು ತಕೊಳ್ಳದೆ ಮಕ್ಕಳಿಗೆ ಕಲಿಸಿದ್ದು ಬರೆ. ವಿಶೇಷಣ ಬೇಡ."

ಉದ್ದಕ್ಕೂ ಹಾಗೆಯೇ. ಚಿಕ್ಕದು ಮಾಡು ಅಂದಾಗ ಅವ ಜಗಲಿಯ ವಿಷಯವನ್ನೇ ಕತ್ತರಿಸಿ ಸನ್ಮಾನಗಳ ಪಟ್ಟಿ ಉಳಿಸಿದ್ದ, ನಂಗೆ ನಿಜಕ್ಕೂ ಬೇಜಾರಾಗಿತ್ತು. ಹಾಗಾಗಿ "140 ಪದ ಉಂಟು, 60 ಸಾಕು, ಸನ್ಮಾನದಲ್ಲಿ ಒಂದೇ ಇಡು, ಜಗಲಿ ಮತ್ತು ಗುರುಗಳ ಹೆಸರು ಮುಟ್ಬೇಡ" ಅಂದೆ. ಏನು ಮುಟ್ಟಬಾರದು ಅಂತ ಹೇಳುವುದೇ ಮುಖ್ಯ ಅಂತ ನಂಗೆ ಈಗ ಅನಿಸ್ತದೆ.

ಬಂದದ್ದು 64 ಪದ. ಮಾವನ ಎದುರು ಗಟ್ಟಿಯಾಗಿ ಓದಿದೆ, ಮೊದಲಿನದ್ದಕ್ಕೆ ತಲೆ ತಗ್ಗಿಸಿ ಕೂತಿದ್ದವರು ಈ ಸಲ "ಜಗಲಿ ಅಲ್ಲ, ಚಾವಡಿ" ಅಂತ ತಿದ್ದಿದ್ರು. ಅದೊಂದು ಬದಲಾಯಿಸಿ ಪ್ರೆಸ್ಸಿಗೆ ಕೊಟ್ಟೆವು.