ಕಮಲ ಒಂದು, ಹೆಸರು ಹತ್ತು: ಫೋಟೊದಲ್ಲಿರೋ ಪದಬಂಧ ಬಿಡಿಸೋದು ಹೇಗೆ?

ಮೊಗ್ಗು: ಪದಬಂಧದ ಫೋಟೊ ತೆಗೆದು ನಮ್ಮ ಕಸಿನ್ಸ್ ಗ್ರೂಪಿಗೆ ಹಾಕ್ತೀನಿ, ಒಬ್ಬೊಬ್ರು ಒಂದೊಂದು ಉತ್ತರ ಹೇಳ್ತಾರೆ, ಯಾವುದು ಯಾಕೆ ಸರಿ ಅಂತ ವಿವರಿಸೋಕೆ ನಂಗೆ ಬರಲ್ಲ. ಈಗ ಸಿಕ್ಕಾಕೊಂಡಿರೋದು ಮೇಲಿನ ಎಡ ಮೂಲೆ. ಎಡದಿಂದ ಬಲಕ್ಕೆ 1 ‘ಕಮಲ (3)’, 7 ‘ಇರುಳು (3)’. ಮೇಲಿನಿಂದ ಕೆಳಕ್ಕೆ 1 ‘ಗಾಳಿ’, ಇದರ ಬ್ರಾಕೆಟ್ ಅಂಕಿ ಪೇಪರ್ ಮಡಿಕೆಯಲ್ಲಿ ಹೋಗಿದೆ, 2 ‘ತಾಯಿ (3)’. ನಾನು ವಾರಿಜ, ವಾಯು, ಜನನಿ ಅಂತ ತುಂಬಿದ್ದೀನಿ, ತಂಗಿ ಪಂಕಜ ಅಂತ ಹಠ ಹಿಡಿದಿದ್ದಾಳೆ. ಮೊದಲ ಕಾಲಂನ ಮೂರನೇ ಮನೆ ಮೇಲೆ ನನ್ನ ಹೆಬ್ಬೆರಳು ಬಂದ್ಬಿಟ್ಟಿದೆ, ಪೇಪರ್ ರದ್ದಿಗೆ ಹೋಯ್ತು. ನೀವೆಲ್ಲ ಇಂಥದ್ದನ್ನ ಹೇಗೆ ತೀರ್ಮಾನ ಮಾಡ್ತೀರ?

ಅವಸರ: ಪಂಕಜ. ನಿಮ್ಮ ತಂಗಿ ಸರಿ. ಮುಂದಿನ ಸುಳಿವು ಹಾಕಿ.

ರಬ್ಬರ್ ಪುಡಿ: ಅವರು ಉತ್ತರ ಕೇಳ್ತಿಲ್ಲ ಮಾರಾಯ್ರೇ, ಹೇಗೆ ಅಂತ ಕೇಳ್ತಿದ್ದಾರೆ. ಮೊಗ್ಗು ಅವರೇ, ನನ್ನ ಅನುಭವದಲ್ಲಿ ಕಮಲ ಅಂತ ಸುಳಿವು ಕೊಟ್ಟರೆ ಅದು ಸುಳಿವೇ ಅಲ್ಲ, ತಲೆನೋವು. ಪಂಕಜ, ಜಲಜ, ನೀರಜ, ವಾರಿಜ, ಅಂಬುಜ, ಸರೋಜ, ಎಲ್ಲಾ ಮೂರಕ್ಷರ, ಎಲ್ಲಾ ಕೊನೆಗೆ ಜ. ತಾಯಿ ಅಂದ್ರೆ ಜನನಿ ಅಂತ ಹಾಕಿ ಜ ಸಿಕ್ತು ಅಂತ ಖುಷಿ ಪಟ್ಟಿರ್ತೀರ, ಆದ್ರೆ ಆ ಜ ತಾವರೆ, ನಳಿನ, ರಾಜೀವ ಈ ಮೂರನ್ನ ಹೊರಗೆ ಹಾಕುತ್ತೆ ಅಷ್ಟೇ, ಉಳಿದ ಆರರಲ್ಲಿ ಯಾವುದು ಅಂತ ಹೇಳಲ್ಲ. ಇಲ್ಲಿ ಬೇಕಾಗಿರೋದು ಮೊದಲನೇ ಮನೆ. ಜಲಜ ಒಂದರಲ್ಲಿ ಮಾತ್ರ ಜ ಎರಡು ಸಲ, ಉಳಿದಿದ್ದೆಲ್ಲ ಬೇರೆ ಬೇರೆ ಅಕ್ಷರದಿಂದ ಶುರುವಾಗುತ್ತೆ, ಅದಕ್ಕೆ ನಾನು ಇಂಥ ಸುಳಿವು ಬಂದ್ರೆ ಕೊನೆ ಮನೆ ಕಡೆ ತಿರುಗಿ ಕೂಡ ನೋಡಲ್ಲ, ಮೊದಲಕ್ಷರ ಹಾಯೋ ಪದವನ್ನ ಮೊದಲು ಬಿಡಿಸ್ತೀನಿ. ನಿಮ್ಮ ವಿಷಯದಲ್ಲಿ ಅದು ಗಾಳಿ. ಅದರ ಅಂಕಿಯೇ ಮಡಿಕೆಯಲ್ಲಿ ಹೋಗಿದೆ, ಅಲ್ಲಿಗೆ ನನ್ನ ಬುದ್ಧಿ ನಿಂತಿತು.

ಅವಸರ: ಗಾಳಿ ಅಂದ್ರೆ ಪವನ. ಪವನದ ಪ, ಪಂಕಜದ ಪ. ಇದರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ?

ಕಪ್ಪುಮನೆ: ಅವಸರ ಅವರೇ, ಪವನದ್ದು ಪ, ಪಂಕಜದ್ದು ಪಂ. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಕಾಗುಣಿತ, ಒತ್ತು, ಸೊನ್ನೆ ಎಲ್ಲಾ ಸೇರಿ. ಅಡ್ಡ ಓದಿದಾಗ ಸೊನ್ನೆ ಇದೆ, ಉದ್ದ ಓದಿದಾಗ ಇಲ್ಲ ಅಂತ ಆಗಲ್ಲ. ಗಾಳಿಗೆ ಅನಿಲ, ಕಮಲಕ್ಕೆ ಅಂಬುಜ ಅನ್ನೋ ಜೋಡಿ ಕೂಡ ಅದೇ ಕಾರಣಕ್ಕೆ ಬಿದ್ದುಹೋಗುತ್ತೆ.

ಮೊಗ್ಗು ಅವರೇ, ನಾನು ಕೆಲವು ವರ್ಷ ಪದಬಂಧ ರಚಿಸ್ತಿದ್ದೆ, ಹಾಗಾಗಿ ಫೋಟೊ ನೋಡಿದ್ರೆ ಮೊದಲು ಪದ ಓದಲ್ಲ, ಕಪ್ಪು ಮನೆ ಮತ್ತೆ ಅಂಕಿ ನೋಡ್ತೀನಿ. ಕೆಲವು ವಿಷಯ ಹೇಳಿ: ಎರಡನೇ ಸಾಲಿನಲ್ಲಿ ಕೊನೆಗೆ ಕಾಣೋ ಅಂಕಿ ಯಾವುದು? ಮೂರನೇ ಸಾಲಿನಲ್ಲಿ ನೀವು ಬರೆದ ‘ನಿ’ ಬಲಕ್ಕೆ ಕಪ್ಪು ಮನೆಯಾ ಬಿಳಿಯಾ? ‘ನಿ’ ಎಡಗಡೆ ಮನೆ ಬಿಳಿ ಇದ್ದು ಅದರಲ್ಲಿ ಅಂಕಿ ಏನಾದ್ರೂ ಇದ್ಯಾ? ಹೆಬ್ಬೆರಳಿನ ಕೆಳಗಿನ ಮನೆ ಹೇಗಿದೆ?

ಮೊಗ್ಗು: ಎರಡನೇ ಸಾಲಿನ ಕೊನೇಲಿ 6. ನಿ ಬಲಕ್ಕೆ ಕಪ್ಪು, ಅದಾದ್ಮೇಲೆ ಬಿಳಿ ಮನೆಯಲ್ಲಿ 8. ನಿ ಎಡಗಡೆ ಬಿಳಿ, ಅಂಕಿ ಇಲ್ಲ. ಹೆಬ್ಬೆರಳಿನ ಕೆಳಗಡೆ ಕಪ್ಪು ಮನೆಯ ಮೂಲೆ ಇಣುಕ್ತಿದೆ ಅಷ್ಟೇ.

ಕನ್ನಡಕ: ಫೋಟೊದ ವಿಷಯಕ್ಕೆ ನಂದೂ ಒಂದು ಹೇಳ್ಬಿಡ್ತೀನಿ. ನಂಗೆ ಒಂದ್ಸಲ ‘ದನ (3)’ ಅಂತ ಕಾಣಿಸ್ತು, ಆಕಳು ಅಂತ ಹಾಕಿ ಒಂದಿಡೀ ಮೂಲೆ ಹಾಳು ಮಾಡಿದ್ದೆ. ಮಧ್ಯದ ಮನೆಗೆ ಪ ಬರ್ತಿತ್ತು, ಆದ್ರೂ ಆ ಹಾಯುವ ಪದವೇ ತಪ್ಪಿರ್ಬೇಕು ಅಂತ ಅದನ್ನ ಎರಡು ಸಲ ಅಳಿಸಿದೆ, ಸುಳಿವನ್ನ ಅನುಮಾನಿಸ್ಲೇ ಇಲ್ಲ. ಕೊನೆಗೆ ನೋಡಿದ್ರೆ ಅದು ‘ಧನ’, ಉತ್ತರ ಸಂಪತ್ತು. ಧ ಕೆಳಗಿನ ಸಣ್ಣ ಗೀಟು ಫೋಟೊದಲ್ಲಿ ಅಳಿಸಿಹೋಗಿತ್ತು, ಗ್ರೂಪಲ್ಲಿ ಕಳಿಸಿದಾಗ ಸೈಜ್ ಕುಗ್ಗಿ ಇನ್ನೂ ಮಸುಕಾಗಿತ್ತು. ಈಗ ಅನುಮಾನ ಬಂದ್ರೆ ಅದೇ ಫೋಟೊದಲ್ಲಿ ಬೇರೆ ಕಡೆ ಗ್ಯಾರಂಟಿ ದ ಇರೋ ಪದ ಒಂದು, ಗ್ಯಾರಂಟಿ ಧ ಇರೋ ಪದ ಒಂದು ಹುಡುಕಿ ಝೂಮ್ ಮಾಡಿ ಪಕ್ಕಪಕ್ಕ ಇಟ್ಟು ನೋಡ್ತೀನಿ. ಪ-ಫ, ಡ-ಢಕ್ಕೂ ಅದೇ. ಎರಡೂ ಕಡೆ ಮಸುಕಾಗಿದ್ರೆ ಎರಡೂ ಓದನ್ನ ಇಟ್ಕೊಂಡೇ ಮುಂದೆ ಹೋಗ್ತೀನಿ.

ಚೌಕ: ಇಷ್ಟೆಲ್ಲಾ ಯಾಕೆ, ಪದಬಂಧದ ಚೌಕ ಯಾವಾಗ್ಲೂ ಸಿಮೆಟ್ರಿಕಲ್ ಇರುತ್ತೆ. ಫೋಟೊನ ತಲೆಕೆಳಗೆ ತಿರುಗಿಸಿ ಕೆಳಗಿನ ಬಲ ಮೂಲೆ ನೋಡಿ, ಅಲ್ಲಿ ಕಪ್ಪು ಇದ್ರೆ ಇಲ್ಲೂ ಕಪ್ಪು. ಮುಗೀತು.

ಕಪ್ಪುಮನೆ: ‘ಯಾವಾಗ್ಲೂ’ ಅನ್ನೋದೊಂದು ಬಿಟ್ಟರೆ ಚೌಕ ಅವರ ಮಾತು ಒಳ್ಳೇದೇ. ಇಂಗ್ಲಿಷ್ ಪದಬಂಧಗಳಲ್ಲಿ ಸಾಮಾನ್ಯವಾಗಿ ಹಾಗಿರುತ್ತೆ. ಕನ್ನಡದಲ್ಲಿ ಕೆಲವರು ಪಾಲಿಸ್ತಾರೆ, ಕೆಲವರು ಪದ ಕೂರಲಿಲ್ಲ ಅಂದ್ರೆ ಒಂದು ಕಪ್ಪು ಮನೆ ಎಲ್ಲೋ ಸೇರಿಸಿಬಿಡ್ತಾರೆ (ನಾನೂ ಸೇರಿಸಿದ್ದೀನಿ). ಕಾಣೋ ಬೇರೆ ಮೂರ್ನಾಲ್ಕು ಜೋಡಿ ಮನೆ ಹೊಂದುತ್ತಾ ಅಂತ ನೋಡ್ಕೊಂಡು ಆಮೇಲೆ ನಂಬಿ.

ಆದ್ರೆ ಇಲ್ಲಿ ಅದು ಬೇಕಾಗೇ ಇಲ್ಲ. ಅಂಕಿಗಳು ಎಡದಿಂದ ಬಲಕ್ಕೆ, ಸಾಲು ಮುಗಿದ್ಮೇಲೆ ಕೆಳಗಿನ ಸಾಲಿಗೆ ಅಂತ ಹೋಗ್ತವೆ. ಎರಡನೇ ಸಾಲಿನ ಕೊನೆಗೆ 6, ಮೂರನೇ ಸಾಲಿನಲ್ಲಿ ಕಪ್ಪು ಮನೆ ಆಚೆ 8, ಹಾಗಾದ್ರೆ 7 ಇವೆರಡರ ಮಧ್ಯೆಯೇ ಇರ್ಬೇಕು. ಮಧ್ಯೆ ಕಾಣೋ ಮನೆಗಳಲ್ಲಿ ಅಂಕಿ ಇಲ್ಲ ಅಂತ ನೀವೇ ಹೇಳಿದ್ರಿ. ಉಳಿದಿದ್ದು ನಿಮ್ಮ ಹೆಬ್ಬೆರಳು. 7 ಅದರ ಅಡಿಯಲ್ಲಿದೆ, ಅಂದ್ರೆ ಆ ಮನೆ ಬಿಳಿ. ಅಲ್ಲಿಂದ ಶುರುವಾಗಿ ಮೂರಕ್ಷರ, ನಿ ಆದ್ಮೇಲೆ ಕಪ್ಪು, ಲೆಕ್ಕ ಸರಿಹೋಯ್ತು.

ಆ ಮನೆ ಬಿಳಿ ಅಂದ್ಮೇಲೆ ಗಾಳಿ ಎರಡಕ್ಷರ ಆಗೋಕೆ ಸಾಧ್ಯವಿಲ್ಲ, ವಾಯು ಹೋಯ್ತು, ಅದರ ಜೊತೆ ವಾರಿಜಕ್ಕಿದ್ದ ಆಧಾರವೂ ಹೋಯ್ತು. ಅದರ ಕೆಳಗೆ ಕಪ್ಪು, ಹಾಗಾಗಿ ಗಾಳಿ ಸರಿಯಾಗಿ ಮೂರಕ್ಷರ: ಪವನ, ಅನಿಲ, ಮಾರುತ, ಸಮೀರ. ಈಗ ಇರುಳು ಕಡೆ ಬನ್ನಿ. ಕೊನೆಗೆ ನಿ ಬರೋ ಮೂರಕ್ಷರ ನಂಗೆ ಹೊಳೆಯೋದು ರಜನಿ, ಯಾಮಿನಿ ಎರಡೇ. ಗಾಳಿಯ ಕೊನೆ ಅಕ್ಷರವೇ ಇರುಳಿನ ಮೊದಲ ಅಕ್ಷರ. ಪವನ ಆದ್ರೆ ನ, ಅನಿಲ ಆದ್ರೆ ಲ, ಮಾರುತ ಆದ್ರೆ ತ, ಯಾವುದೂ ಹೊಂದಲ್ಲ. ಸಮೀರದ ರ, ರಜನಿಯ ರ. ಮೇಲೆ ಹೋದ್ರೆ ಸ ಸಿಕ್ತು, ಕಮಲ ಸರೋಜ ಆಯ್ತು. ನಾಲ್ಕೂ ಬರೆದು ನೋಡಿ:

```
ಸ   ರೋ  ಜ
ಮೀ  ■   ನ
ರ   ಜ   ನಿ
```

ಮೊಗ್ಗು: ಅಯ್ಯೋ ಝೂಮ್ ಮಾಡಿದ್ರೆ ಉಗುರಿನ ಪಕ್ಕ 7ರ ತಲೆ ಕಾಣ್ತಿದೆ!! ಇಷ್ಟು ದಿನ ಅದನ್ನ ಕಾಗದದ ಕೊಳೆ ಅಂದ್ಕೊಂಡಿದ್ದೆ. ಸರ್, ಇದನ್ನ ತಂಗಿಗೆ ಹೇಳೋದು ಹೇಗೆ, ಸರೋಜ ಅಂತ ಬರೀ ಉತ್ತರ ಹೇಳಿದ್ರೆ ಪಂಕಜ ಯಾಕಲ್ಲ ಅಂತ ಶುರು ಮಾಡ್ತಾಳೆ.

ರಬ್ಬರ್ ಪುಡಿ: ನಾನು ಗ್ರೂಪಲ್ಲಿ ಉತ್ತರ ಹಾಕುವಾಗ ಸೋತ ಪದವನ್ನ ಮೊದಲು ಬರೀತೀನಿ. ‘ಪಂಕಜ ಅಲ್ಲ, ಯಾಕಂದ್ರೆ ಪಂ ಇಂದ ಶುರುವಾಗೋ ಗಾಳಿ ನಂಗೆ ಸಿಗಲಿಲ್ಲ, ಇದ್ರೆ ಹೇಳಿ’ ಅಂತ. ಆಗ ವಾದ ಮಾಡೋರು ಪಂಕಜ ಹಿಡ್ಕೊಂಡು ಕೂರೋ ಬದಲು ಪಂ ಗಾಳಿ ಹುಡುಕೋಕೆ ಹೋಗ್ತಾರೆ, ಅರ್ಧ ಗಂಟೆ ನೆಮ್ಮದಿ. ಇನ್ನೊಂದು, ಯಾವುದು ಅಚ್ಚಿನಲ್ಲಿ ಕಂಡಿದ್ದು, ಯಾವುದು ನಾನು ಊಹಿಸಿದ್ದು ಅಂತ ಬೇರೆ ಮಾಡಿ ಹೇಳ್ತೀನಿ. ಇಲ್ಲಿ ಕಪ್ಪು ಮನೆ, 6, 8 ಕಂಡಿದ್ದು, ಜನನಿ ನೀವು ಊಹಿಸಿದ್ದು. ನಾಳೆ ಏನಾದ್ರೂ ತಪ್ಪು ಅಂತ ಆದ್ರೆ ಎಲ್ಲಿಂದ ಅಳಿಸ್ಕೊಂಡು ಬರ್ಬೇಕು ಅಂತ ಗೊತ್ತಿರುತ್ತೆ.

ಕಪ್ಪುಮನೆ: ಹೌದು, ಮೇಲೆ ನಾನು ಕಟ್ಟಿದ್ದೆಲ್ಲಾ ಜನನಿ ಮೇಲೆ ನಿಂತಿದೆ. ಅದಕ್ಕೆ ಅದನ್ನೂ ಅಲ್ಲಾಡಿಸಿ ನೋಡಿದೆ. ಅಮ್ಮ, ಅಬ್ಬೆ, ಮಾತೆ ಎರಡಕ್ಷರ, ಹಡೆದವ್ವ ನಾಲ್ಕು. ಮೂರಕ್ಕೆ ಬೇರೆ ಹೊಳೆಯಲಿಲ್ಲ, ಮತ್ತೆ ನಾಲ್ಕು ಪದ ಒಂದಕ್ಕೊಂದು ಕಚ್ಚಿಕೊಂಡು ಸುತ್ತು ಪೂರ್ತಿ ಆಯ್ತು, ಅದು ಸುಮ್ಮನೆ ಆಗೋದು ಕಷ್ಟ.

ಕನ್ನಡಕ: ಕಪ್ಪುಮನೆ ಅವರೇ, ಹಾಗಾದ್ರೆ ಇದಕ್ಕೆ ಹೇಳಿ. ‘ಸೂರ್ಯ (4)’, ಮೊದಲನೇ ಮನೆ ದಿ, ಮೂರನೇ ಮನೆ ಕ, ಎರಡೂ ಪಕ್ಕಾ. ಎರಡನೇ, ನಾಲ್ಕನೇ ಮನೆಗೆ ಯಾವ ಪದವೂ ಹಾಯಲ್ಲ. ನಾನು ದಿನಕರ ಅಂದೆ, ನಮ್ಮೆಜಮಾನ್ರು ದಿವಾಕರ ಅಂದ್ರು. ಫೋಟೊ ಕ್ಲಿಯರ್ ಇದೆ, ಹೆಬ್ಬೆರಳೂ ಇಲ್ಲ.

ಚೌಕ: ದಿನಕರ. ಅದೇ ಜಾಸ್ತಿ ಬಳಕೆ.

ರಬ್ಬರ್ ಪುಡಿ: ಯಾರ ಬಳಕೆ? ನಂಗೆ ದಿವಾಕರ ಅನ್ನೋ ಹೆಸರಿನ ಮೂರು ಜನ ಗೊತ್ತು, ದಿನಕರ ಒಬ್ಬರೇ.

ಕಪ್ಪುಮನೆ: ಪದದ ಅರ್ಥ ಬಿಡಿಸಿದ್ರೂ ಉಪಯೋಗ ಇಲ್ಲ, ದಿನ ಅಂದ್ರೂ ಹಗಲು, ದಿವಾ ಅಂದ್ರೂ ಹಗಲು. ಬೇರೆ ಆಗೋ ಒಂದೇ ಮನೆಗೆ ಹಾಯುವ ಪದ ಇಟ್ಟಿಲ್ಲ ಅಂದ್ರೆ ತಪ್ಪು ಬಿಡಿಸೋರದ್ದಲ್ಲ, ರಚಿಸಿದೋರದ್ದು. ನಾನಾದ್ರೆ ಆ ಮನೆಯಲ್ಲಿ ‘ನ/ವಾ’ ಅಂತ ಸಣ್ಣದಾಗಿ ಎರಡೂ ಬರೆದು ಬಿಡ್ತಿದ್ದೆ. ಅವರ ಉತ್ತರ ಪ್ರಕಟ ಆದ್ರೂ ಅದು ಅವರು ಯಾವುದನ್ನ ಅಂದ್ಕೊಂಡಿದ್ರು ಅಂತ ಹೇಳುತ್ತೆ, ಇನ್ನೊಂದು ತಪ್ಪು ಅಂತ ಅಲ್ಲ.

ಕನ್ನಡಕ: ಇದನ್ನ ಅವರಿಗೆ ಓದಿ ಹೇಳಿದೆ. ‘ಅಂದ್ರೆ ನಾನು ಹೇಳಿದ್ದು ತಪ್ಪಲ್ಲ ತಾನೇ’ ಅಂತ ಪೆನ್ನಲ್ಲಿ ವಾ ಬರೆದುಬಿಟ್ರು.

ಅವಸರ: ಪ್ರಭಾಕರ ಆಗಲ್ವಾ?

ಮೊಗ್ಗು: ಮೊದಲನೇ ಮನೆ ದಿ ಅಂತ ಇದೆ ಅವಸರ ಅವರೇ 😄