300 ಡಿಪಿಐ ಹಾಕಿದರೂ 12×18 ಪ್ರಿಂಟ್ ಮಸುಕಾಗಿ ಬಂತು, ತಾತನ ಫೋಟೋ

ಅಚ್ಚುಬೆಲ್ಲ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕ ನಿಂತಿರುವ ಫೋಟೋ ಒಂದಿದೆ. ಹೋದ ವರ್ಷ ಚಿಕ್ಕಪ್ಪನ ಮಗ ಅವನ ಫೋನಿನಲ್ಲಿ ತೆಗೆದಿದ್ದು. ತಾತ ಈಗಿಲ್ಲ. ಅವರು ಬಾಯಿ ತುಂಬ ನಗುತ್ತಿರುವ ಫೋಟೋ ಅಂತ ಇರುವುದು ಇದೊಂದೇ. 12×18 ಇಂಚಿಗೆ ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ ನಡುಮನೆಯಲ್ಲಿ ಹಾಕಬೇಕು ಅಂತ ಆಸೆ.

ಮೈಸೂರಿನ ಒಂದು ಲ್ಯಾಬಿನಲ್ಲಿ ಕೇಳಿದೆ. "ಫೈಲ್ 300 ಡಿಪಿಐ ಇರಬೇಕು" ಅಂದರು. ಫೋಟೋಶಾಪ್‌ನ Image Size ತೆಗೆದು ನೋಡಿದರೆ 72 ಅಂತ ಇತ್ತು. ಅದನ್ನು 300 ಮಾಡಿ, ಅಗಲ 12 ಇಂಚು ಕೊಟ್ಟೆ. 1200×1600 ಇದ್ದ ಪಿಕ್ಸೆಲ್ 3600×4800 ಆಯಿತು. ಫೈಲೂ ದೊಡ್ಡದಾಯಿತು. ಸರಿ ಹೋಯಿತು ಅಂದುಕೊಂಡು ಕೊಟ್ಟೆ.

ಪ್ರಿಂಟ್ ನೋಡಿ ಅಳು ಬಂತು. ತಾತನ ಮೀಸೆ ಒಂದೊಂದು ಕೂದಲಾಗಿ ಕಾಣುವ ಬದಲು ಬೂದಿ ಮೆತ್ತಿದ ಹಾಗಿದೆ. ಹಿಂದಿನ ಹೊಗೆಯಲ್ಲಿ ಸಣ್ಣ ಸಣ್ಣ ಚೌಕ ಕಾಣುತ್ತವೆ. ಪಕ್ಕದಲ್ಲಿ ಬೆಲ್ಲದ ಅಚ್ಚು ಜೋಡಿಸಿದ್ದ ಹಲಗೆಯೂ ಅರ್ಧ ಕತ್ತರಿಸಿ ಹೋಗಿದೆ. ಫೋನಿನಲ್ಲಿ ಇದೇ ಫೋಟೋ ಎಷ್ಟು ಚೆನ್ನಾಗಿ ಕಾಣುತ್ತದೆ! ನಾನು ಎಲ್ಲಿ ತಪ್ಪು ಮಾಡಿದೆ?

ಕುವೆಂಪುನಗರ ಕೋಡರ್

Resample ಅನ್ನುವ ಟಿಕ್ ಹಾಗೇ ಬಿಟ್ಟಿದ್ದೀರಿ, ಅದೇ ತಪ್ಪು. ಆ ಟಿಕ್ ಇದ್ದರೆ ಫೋಟೋಶಾಪ್ ಇಲ್ಲದ ಪಿಕ್ಸೆಲ್ ಹುಟ್ಟಿಸುತ್ತದೆ. ಮೂಲ ಫೈಲ್ ಮತ್ತೆ ತೆಗೆದು, ಟಿಕ್ ತೆಗೆದುಬಿಟ್ಟು 300 ಹಾಕಿ ಕಳಿಸಿ. ಪ್ರಿಂಟ್ ಶಾರ್ಪ್ ಆಗಿ ಬರುತ್ತದೆ.

ಫ್ಲೆಕ್ಸ್ ಅಣ್ಣ, ಪಾಂಡವಪುರ

ಅಕ್ಕ, 300 ಎಲ್ಲ ಸುಮ್ನೆ ಹೇಳುತ್ತಾರೆ. ನಾನು ಹತ್ತು ಅಡಿ, ಆರು ಅಡಿ ಫ್ಲೆಕ್ಸ್ ದಿನಾ ಹೊಡೆಯುತ್ತೇನೆ. ಜಾತ್ರೆ ಟೈಮಲ್ಲಿ ಜನ ವಾಟ್ಸ್‌ಆ್ಯಪ್ ಫೋಟೋನೇ ಕಳಿಸುತ್ತಾರೆ. ಹಾಕಿ ಕೊಡುತ್ತೇನೆ, ಇವತ್ತಿನವರೆಗೆ ಒಬ್ಬರೂ ವಾಪಸ್ ತಂದಿಲ್ಲ. ನಿಮ್ಮ ಲ್ಯಾಬಿನ ಮಷಿನ್ನೇ ಸರಿ ಇಲ್ಲ ಅನ್ಸುತ್ತೆ. ಬೇಕಾದರೆ ವಿನೈಲ್ ಮೇಲೆ ಹಾಕಿ ಕೊಡುತ್ತೇನೆ.

ಪ್ಲೇಟ್ ಕೋಣೆ, ಮೈಸೂರು

ನೋಡಮ್ಮ, ನಾನು ಮೈಸೂರಿನಲ್ಲಿ ಆಫ್‌ಸೆಟ್ ಪ್ರೆಸ್ಸಿನ ಪ್ಲೇಟ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಈ 300ರ ಗೊಂದಲ ವಾರಕ್ಕೆರಡು ಸಲವಾದರೂ ನಮ್ಮ ಟೇಬಲ್ಲಿಗೆ ಬರುತ್ತಿತ್ತು.

ಕೋಡರ್ ಅವರು ಹೇಳಿದ್ದು ಅರ್ಧ ಸರಿ. ಟಿಕ್ ತೆಗೆಯಬೇಕು, ನಿಜ. ಆದರೆ ತೆಗೆದ ಮೇಲೆ ಏನಾಗುತ್ತದೆ ಅಂತ ಮಾಡಿ ನೋಡಿ. 300 ಒತ್ತಿದ ತಕ್ಷಣ ಅಗಲ ಎತ್ತರದ ಜಾಗದಲ್ಲಿ 4 ಇಂಚು, 5.33 ಇಂಚು ಅಂತ ಬರುತ್ತದೆ. ಅಲ್ಲೇ 12 ಇಂಚು ಅಂತ ಒತ್ತಿ, ಈಗ 300 ಇಳಿದು 100 ಆಗುತ್ತದೆ. ಎರಡೂ ಸಲ ಪಿಕ್ಸೆಲ್ ಮಾತ್ರ 1200×1600, ಒಂದೂ ಅಲ್ಲಾಡುವುದಿಲ್ಲ. ನಿಮ್ಮ ಹತ್ತಿರ ಇರುವ ಸಾಮಾನು ಅಷ್ಟೇ. ಒಂದು ಸೇರು ಹಿಟ್ಟನ್ನು ದಪ್ಪ ರೊಟ್ಟಿ ತಟ್ಟುತ್ತೀರೋ ತೆಳ್ಳಗೆ ಹರಡುತ್ತೀರೋ ಅನ್ನುವುದು ಮಾತ್ರ ಆ 300, 72, 100. ಫೈಲಿನೊಳಗೆ ಅದು ಬರೀ ಒಂದು ಚೀಟಿ.

ಟಿಕ್ ಇಟ್ಟುಕೊಂಡು ನೀವು ಮಾಡಿದ್ದು ಬೇರೆ. 1200 ಪಿಕ್ಸೆಲ್ ಅಗಲವನ್ನು 3600 ಮಾಡಿ ಅಂದಿರಿ. ಅಂದರೆ ಇದ್ದ ಒಂದು ಪಿಕ್ಸೆಲ್ ಜಾಗದಲ್ಲಿ ಒಂಬತ್ತು. ಉಳಿದ ಎಂಟನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿಗೆ ತುಂಬಿತು. ಮೀಸೆಯ ಕೂದಲು ಮೂಲದಲ್ಲೇ ಬೇರೆಬೇರೆಯಾಗಿ ಇಲ್ಲ, ಅದು ಎಲ್ಲಿಂದ ತರಬೇಕು? ಬೂದಿ ಮೆತ್ತಿದ ಹಾಗೆ ಕಂಡಿದ್ದು ಅದಕ್ಕೇ. ಲ್ಯಾಬಿನವರೂ ಬರೀ 300 ಅನ್ನುವ ಬದಲು ಎಷ್ಟು ಪಿಕ್ಸೆಲ್ ಬೇಕು ಅಂತ ಹೇಳಿದ್ದರೆ ನಿಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಹಲಗೆ ಕತ್ತರಿಸಿ ಹೋಗಿದ್ದು ಇನ್ನೊಂದು ಕಾರಣಕ್ಕೆ. ಫೋನಿನ ಫೋಟೋ ಮೂರಕ್ಕೆ ನಾಲ್ಕರ ಆಕಾರ, 12×18 ಎರಡಕ್ಕೆ ಮೂರರ ಆಕಾರ. ಎತ್ತರ 18 ತುಂಬಿಸಿದರೆ ಅಗಲದಲ್ಲಿ ಒಂಬತ್ತರಲ್ಲಿ ಒಂದು ಪಾಲು ಹೊರಗೆ ಉಳಿಯುತ್ತದೆ. ಹಾಗೆ ತುಂಬಿಸಿದಾಗ ನಿಮ್ಮ ನಿಜವಾದ ಲೆಕ್ಕ 1600 ಭಾಗಿಸು 18, ಅಂದರೆ ಇಂಚಿಗೆ 89 ಪಿಕ್ಸೆಲ್ ಮಾತ್ರ.

ಈಗ ಒಂದು ಮಾತು ಹೇಳಿ. ಈ ಫೈಲ್ ನಿಮಗೆ ಬಂದಿದ್ದು ವಾಟ್ಸ್‌ಆ್ಯಪಿನಲ್ಲಿ ತಾನೆ?

ಅಚ್ಚುಬೆಲ್ಲ, ಮಂಡ್ಯ

ಹೌದು ಸರ್. ಮನೆಯವರ ಗ್ರೂಪಿನಲ್ಲಿ ಹಾಕಿದ್ದ, ಅಲ್ಲಿಂದಲೇ ಇಳಿಸಿಕೊಂಡೆ.

ಫ್ಲೆಕ್ಸ್ ಅಣ್ಣ, ಪಾಂಡವಪುರ

ಸರ್, ಹಾಗಾದರೆ ನನ್ನ ಫ್ಲೆಕ್ಸ್ ಹೇಗೆ ಚೆನ್ನಾಗಿ ಕಾಣುತ್ತದೆ? ಹತ್ತು ಅಡಿಗೆ 1600 ಪಿಕ್ಸೆಲ್ ಅಂದರೆ ಇಂಚಿಗೆ 13 ಬರುತ್ತದೆ. ನಿಮ್ಮ ಲೆಕ್ಕದಲ್ಲಿ ಏನೂ ಕಾಣಲೇಬಾರದು.

ಪ್ಲೇಟ್ ಕೋಣೆ, ಮೈಸೂರು

ಒಳ್ಳೆಯ ಪ್ರಶ್ನೆ. ನಿಮ್ಮ ಫ್ಲೆಕ್ಸನ್ನು ಜನ ರಸ್ತೆಯ ಆ ಕಡೆಯಿಂದ ನೋಡುತ್ತಾರೆ. ಕಣ್ಣು ಬೇರೆಬೇರೆಯಾಗಿ ಗುರುತಿಸುವುದಕ್ಕೆ ಒಂದು ಮಿತಿ ಇದೆ. ಒಂದಡಿ ದೂರದಿಂದ ನೋಡಿದರೆ ಇಂಚಿಗೆ 300 ಹತ್ತಿರ ಬೇಕು. ಎರಡಡಿಗೆ ಅದರ ಅರ್ಧ ಸಾಕು, ಮೂರಡಿಗೆ 100 ಸಾಕು. ಇಪ್ಪತ್ತೈದು ಅಡಿ ಆಚೆ ನಿಂತವರಿಗೆ ನಿಮ್ಮ 13 ನಡೆಯುತ್ತದೆ. ಆದರೆ ತಾತನ ಫೋಟೋ ಮುಂದೆ ಮನೆಯವರು ಮುಖ ಹತ್ತಿರ ತಂದು ನಿಲ್ಲುತ್ತಾರೆ, ಅಲ್ವಾ?

ಇನ್ನೂ ಒಂದಿದೆ. ಮೂರಡಿ ದೂರದಿಂದ ಈ 89 ಕೂಡ ಪರವಾಗಿಲ್ಲ ಅನ್ನಿಸಬೇಕಿತ್ತು. ಹಾಗನ್ನಿಸದೇ ಇದ್ದಿದ್ದಕ್ಕೆ ಹೊಗೆಯಲ್ಲಿ ಕಂಡ ಚೌಕಗಳೇ ಸಾಕ್ಷಿ. ಜೆಪೆಗ್ ಫೈಲ್ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಜಾಸ್ತಿ ಕುಗ್ಗಿಸಿದರೆ ಚೌಕದ ಅಂಚು ಉಳಿದುಬಿಡುತ್ತದೆ. ಫೋನಿನ ಪರದೆಯಲ್ಲಿ ಅದು ಕಾಣದಷ್ಟು ಸಣ್ಣದು. ನಿಮ್ಮ ಪ್ರಿಂಟಿನಲ್ಲಿ ಅದೇ ಚೌಕ ಎರಡು ಮಿಲಿಮೀಟರಿಗೂ ದೊಡ್ಡದು. ಸ್ಕೇಲ್ ಇಟ್ಟು ನೋಡಿ.

ಚಿಕ್ಕಪ್ಪನ ಮಗನ ಫೋನಿನಲ್ಲಿ ಮೂಲ ಫೋಟೋ ಇನ್ನೂ ಇದ್ದರೆ ಪುಣ್ಯ. ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಕುಗ್ಗುವುದಿಲ್ಲ.

ಹಳೇ ಆಲ್ಬಂ, ಶ್ರೀರಂಗಪಟ್ಟಣ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಅಜ್ಜಿಯದು ಪಾಸ್‌ಪೋರ್ಟ್ ಸೈಜಿನ ಕಾಗದದ ಫೋಟೋ ಮಾತ್ರ ಇದೆ. ಸ್ಕ್ಯಾನರ್‌ನಲ್ಲಿ 300 ಡಿಪಿಐ ಇಟ್ಟು ಸ್ಕ್ಯಾನ್ ಮಾಡಿದ್ದೇನೆ. 8×10 ಪ್ರಿಂಟ್‌ಗೆ ಅದು ಸಾಕಲ್ಲವೇ? ಪ್ರಿಂಟಿಗೆ 300 ಅಂತ ತಾನೇ ಎಲ್ಲರೂ ಹೇಳುವುದು.

ಪ್ಲೇಟ್ ಕೋಣೆ, ಮೈಸೂರು

ಸಾಕಾಗುವುದಿಲ್ಲ. ಸ್ಕ್ಯಾನರಿನ ಸಂಖ್ಯೆ ಚೀಟಿಯಲ್ಲ, ಅಲ್ಲಿ ಅದು ನಿಜವಾಗಿಯೂ ಪಿಕ್ಸೆಲ್ ಎಣಿಸುತ್ತದೆ. ಮೂರೂವರೆ ಸೆಂಟಿಮೀಟರ್ ಅಗಲದ ಫೋಟೋವನ್ನು 300ಕ್ಕೆ ಸ್ಕ್ಯಾನ್ ಮಾಡಿದರೆ ಸುಮಾರು 413 ಪಿಕ್ಸೆಲ್ ಸಿಗುತ್ತದೆ. ಅದನ್ನು 8 ಇಂಚಿಗೆ ಹರಡಿದರೆ ಇಂಚಿಗೆ 52. 1200ಕ್ಕೆ ಇಟ್ಟು ಮತ್ತೆ ಮಾಡಿ, 1650 ಹತ್ತಿರ ಬರುತ್ತದೆ, 8 ಇಂಚಿಗೆ 200 ದಾಟುತ್ತದೆ. ಆದರೆ ಹಳೇ ಕಾಗದದಲ್ಲಿ ಅಷ್ಟು ವಿವರ ಇರಬೇಕಲ್ಲ. ಎಷ್ಟೋ ಸಲ 600ರ ಆಚೆಗೆ ಸಿಗುವುದು ಕಾಗದದ ತರಿ ಮಾತ್ರ. ಎರಡನ್ನೂ ಮಾಡಿ, ಕಣ್ಣಿನ ಭಾಗವನ್ನು ಪಕ್ಕಪಕ್ಕ ಇಟ್ಟು ನೋಡಿ.

ಅಚ್ಚುಬೆಲ್ಲ, ಮಂಡ್ಯ

ಸರ್, ಸಿಕ್ಕಿತು! ಡಿಲೀಟ್ ಮಾಡಿರಲಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದ. 3000×4000 ಇದೆ. ಇದರಲ್ಲೂ 72 ಅಂತಲೇ ತೋರಿಸುತ್ತಿದೆ, ಆದರೆ ಈಗ ಭಯ ಇಲ್ಲ. ದೊಡ್ಡದು ಮಾಡಿ ನೋಡಿದರೆ ಮೀಸೆಯಲ್ಲಿ ಬೆಳ್ಳಿ ಕೂದಲು ಬೇರೆ, ಕಪ್ಪು ಕೂದಲು ಬೇರೆ ಕಾಣುತ್ತದೆ. ಹಲಗೆ ಮೇಲಿನ ಅಚ್ಚುಗಳನ್ನು ಎಣಿಸಬಹುದು. ಹಲಗೆ ಕತ್ತರಿಸದೆ 12×18 ಮಾಡಲು ದಾರಿ ಇದೆಯಾ?

ಪ್ಲೇಟ್ ಕೋಣೆ, ಮೈಸೂರು

ಇದೆ. ಚಿತ್ರವನ್ನು 12×16 ಇಂಚಿಗೇ ಇಡಿ. 3000 ಭಾಗಿಸು 12, ಇಂಚಿಗೆ 250. ಗೋಡೆಯ ಫೋಟೋಗೆ ಇದು ಧಾರಾಳ. ಮೇಲೆ ಒಂದು ಇಂಚು, ಕೆಳಗೆ ಒಂದು ಇಂಚು ಬಿಳಿ ಸೇರಿಸಿದರೆ 12×18 ಕಾಗದ ತುಂಬುತ್ತದೆ. ಅಂದರೆ ಒಟ್ಟು 3000×4500. ಗಿಂಪ್‌ನಲ್ಲಾದರೆ ಮೊದಲು `Image > Print Size` ತೆಗೆದು 250 ಕೊಡಿ, ಅದು ಪಿಕ್ಸೆಲ್ ಮುಟ್ಟುವುದಿಲ್ಲ. ಆಮೇಲೆ `Image > Canvas Size` ನಲ್ಲಿ ಸರಪಳಿ ಗುರುತು ಬಿಡಿಸಿ, ಅಗಲ 3000 ಹಾಗೇ ಇಟ್ಟು ಎತ್ತರ 4500 ಮಾಡಿ, ಚಿತ್ರವನ್ನು ನಡುವಿಗೆ ತನ್ನಿ. `Scale Image` ಕಡೆ ಹೋಗಬೇಡಿ, ಅದು ಪಿಕ್ಸೆಲ್ಲನ್ನೇ ಬದಲಿಸುತ್ತದೆ.

ದೊಡ್ಡ ಪ್ರಿಂಟ್‌ಗೆ ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ತಾತನ ಮುಖದ ಸುತ್ತ 1000×1500 ಪಿಕ್ಸೆಲ್ ಮಾತ್ರ ಕತ್ತರಿಸಿಕೊಂಡು 4×6 ಪ್ರಿಂಟ್ ಹಾಕಿಸಿ. ಇಂಚಿಗೆ ಅದೇ 250. ದೊಡ್ಡದರಲ್ಲಿ ಮುಖ ಹೇಗೆ ಬರುತ್ತದೋ ಅದೇ ಅಳತೆಯಲ್ಲಿ, ಅದೇ ವಿವರದಲ್ಲಿ ಕೈಯಲ್ಲಿ ಸಿಗುತ್ತದೆ.

ಕುವೆಂಪುನಗರ ಕೋಡರ್

ಸರ್ ಹೇಳಿದ ಮೇಲೆ ನಾನೂ ಟಿಕ್ ತೆಗೆದು ನೋಡಿದೆ. 4 ಇಂಚು ಅಂತ ತೋರಿಸುವುದನ್ನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ನನ್ನ ಉತ್ತರ ತಪ್ಪಿತ್ತು.

ಇಮೇಜ್‌ಮ್ಯಾಜಿಕ್ ಇರುವವರಿಗೆ ಬಿಳಿ ಅಂಚಿನ ಕೆಲಸ ಒಂದೇ ಆಜ್ಞೆಯಲ್ಲಿ ಮುಗಿಯುತ್ತದೆ:

```
magick tata.jpg -auto-orient -gravity center \
  -background white -extent 3000x4500 \
  -units PixelsPerInch -density 250 \
  -quality 95 tata_12x18.jpg
```

`-auto-orient` ಬಿಡಬೇಡಿ. ಎಷ್ಟೋ ಫೋನುಗಳು ನಿಲುವು ಫೋಟೋವನ್ನೂ ಅಡ್ಡಡ್ಡ ಉಳಿಸಿ, ತಿರುಗಿಸಿ ತೋರಿಸು ಅಂತ ಗುರುತು ಮಾತ್ರ ಹಾಕಿರುತ್ತವೆ. ಅದು ಇಲ್ಲದಿದ್ದರೆ ಬಿಳಿ ಅಂಚು ತಪ್ಪು ಬದಿಗೆ ಬರುತ್ತದೆ, ಚಿತ್ರವೂ ಕತ್ತರಿಸುತ್ತದೆ. ಆದರೂ ನನಗೊಂದು ಅನುಮಾನ. 250 ಮತ್ತು 300 ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ ಅಂತಲೇ ನನಗನ್ನಿಸುವುದು.

ಪ್ಲೇಟ್ ಕೋಣೆ, ಮೈಸೂರು

ಸಣ್ಣ ಅಕ್ಷರ ಇದ್ದರೆ ಕಾಣಬಹುದು. ಆಫ್‌ಸೆಟ್‌ನಲ್ಲಿ 300 ಕೇಳುತ್ತಿದ್ದುದಕ್ಕೂ ಕಾರಣವಿತ್ತು. ಚಿತ್ರವನ್ನು ಚುಕ್ಕಿಗಳಾಗಿ ಒಡೆಯಲು ಇಂಚಿಗೆ 150 ಗೆರೆಯ ಸ್ಕ್ರೀನ್ ಹಾಕುತ್ತಿದ್ದೆವು, ಅದರ ಎರಡರಷ್ಟು ಪಿಕ್ಸೆಲ್ ಬೇಕು ಅನ್ನುವ ಲೆಕ್ಕ. ಫೋಟೋ ಲ್ಯಾಬಿನ ಕಾಗದಕ್ಕೆ ಆ ಸ್ಕ್ರೀನೇ ಇಲ್ಲ. ಮುಖದ ಫೋಟೋದಲ್ಲಿ ನನಗಂತೂ ಗೊತ್ತಾಗಿಲ್ಲ, ನಿಮ್ಮ ಕಣ್ಣು ನನಗಿಂತ ಚುರುಕಿರಬಹುದು.

ಅಚ್ಚುಬೆಲ್ಲ, ಮಂಡ್ಯ

4×6 ಬಂತು. ಅಜ್ಜಿ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಹತ್ತಿರ ಹಿಡಿದುಕೊಂಡು ನೋಡಿದರು. ಹೊಗೆಗೆ ಕಣ್ಣಂಚಿನಲ್ಲಿ ನೀರು ಬಂದಿದೆ ನೋಡು ಅಂದರು. ಅದು ಇದೆ ಅಂತ ನನಗೂ ಆಗಲೇ ಗೊತ್ತಾಗಿದ್ದು. 12×18 ಕೊಟ್ಟು ಬಂದಿದ್ದೇನೆ. ಬಿಳಿ ಅಂಚನ್ನು ಕತ್ತರಿಸಿ ಚಿತ್ರ ಹಿಗ್ಗಿಸಬೇಡಿ ಅಂತ ಚೀಟಿಯಲ್ಲೂ ಬರೆದುಕೊಟ್ಟೆ. ಶನಿವಾರ ಸಿಗುತ್ತದೆ.

ಹಳೇ ಆಲ್ಬಂ, ಶ್ರೀರಂಗಪಟ್ಟಣ

1200ಕ್ಕೆ ಸ್ಕ್ಯಾನ್ ಮಾಡಿದೆ ಸರ್. ಅಜ್ಜಿಯ ಮೂಗುತಿಯ ಕಲ್ಲು ಈಗ ಕಾಣುತ್ತಿದೆ. ಆದರೆ ಆ ಕಾಗದ ಜೇನುಗೂಡಿನ ಹಾಗೆ ಉಬ್ಬುತಗ್ಗು ಇರುವ ಥರದ್ದು. ಮುಖದ ತುಂಬ ಅದೇ ವಿನ್ಯಾಸ ಎದ್ದುಬಂದಿದೆ. ಕಾಗದವನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ ಎರಡನ್ನೂ ಸೇರಿಸಿದರೆ ಕಡಿಮೆಯಾಗುತ್ತದೆ ಅಂತ ಪರಿಚಯದವರೊಬ್ಬರು ಹೇಳಿದರು. ಇಲ್ಲಿ ಯಾರಾದರೂ ಮಾಡಿ ನೋಡಿದ್ದೀರಾ?